ದವಡೆಯ ಸಿಸ್ಟ್, ಟ್ಯೂಮರ್ ಮಾಡ್ಯೂಲ್: ವರ್ಷಕ್ಕಿಂತ ಜಾಸ್ತಿ ಬಳಸಿದ ಮೇಲೆ ಬರೆಯುತ್ತಿರುವುದು

ಐದಕ್ಕೆ ಮೂರೂವರೆ ಸ್ಟಾರ್. ಅರ್ಧ ಸ್ಟಾರ್ ಯಾಕೆ ಕಡಿಮೆ, ಇನ್ನೊಂದು ಯಾಕೆ ಹೋಯ್ತು ಅನ್ನುವುದನ್ನು ಕೆಳಗೆ ಹೇಳುತ್ತೇನೆ.

ದಂತವೈದ್ಯಕೀಯ ಪರೀಕ್ಷೆಗೆ ಓದುವವರ ಆ್ಯಪಿನ ಈ ಮಾಡ್ಯೂಲ್ ಹೇಗಿದೆ ಅಂತ ಗೊತ್ತಿಲ್ಲದವರಿಗೆ: ಮೇಲೆ ಒಂದು ಎಕ್ಸ್‌ರೇ, ಅದರ ಕೆಳಗೆ ಸ್ಲೈಡಿನ ಫೋಟೋ, ಆಮೇಲೆ ನಾಲ್ಕು ಆಯ್ಕೆ. ಎರಡೂ ಚಿತ್ರಕ್ಕೆ ಹೊಂದುವ ಗಡ್ಡೆ ಯಾವುದು ಅಂತ ಹೇಳಬೇಕು. ಧಾರವಾಡದಲ್ಲಿ ಬಿಡಿಎಸ್ ಓದುವಾಗ ತಗೊಂಡಿದ್ದೆ. ಈಗ ಹುಬ್ಬಳ್ಳಿಯ ಕ್ಲಿನಿಕ್ ಒಂದರಲ್ಲಿ ಕೆಲಸ ಮಾಡುತ್ತಾ ನೀಟ್ ಎಂಡಿಎಸ್‌ಗೆ ಓದುತ್ತಿದ್ದೇನೆ, ಇನ್ನೂ ಬಿಟ್ಟಿಲ್ಲ. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿ-ಧಾರವಾಡ ಓಡಾಡುವಾಗ ನಾಲ್ಕೈದು ಪ್ರಶ್ನೆ ಆರಾಮಾಗಿ ಮುಗಿಯುತ್ತವೆ. ಕಿಟಕಿ ಬಿಸಿಲಿಗೆ ಓಪಿಜಿ, ಅಂದರೆ ಇಡೀ ದವಡೆಯ ಎಕ್ಸ್‌ರೇ, ಮಾತ್ರ ಏನೇನೂ ಕಾಣಲ್ಲ, ಒಳಗಿನ ಸೀಟು ಹಿಡಿಯಿರಿ.

ಈ ಮಾಡ್ಯೂಲ್‌ನಲ್ಲಿ ನಿಜವಾಗಿ ದುಡ್ಡಿಗೆ ಬೆಲೆ ಇರುವುದು ಒಂದೇ ಗುಂಪು. ಕೆಳದವಡೆಯ ಹಿಂಭಾಗ, ಹುಟ್ಟದೆ ಒಳಗೇ ಉಳಿದ ಬುದ್ಧಿಹಲ್ಲು, ಅದರ ಸುತ್ತ ಕಪ್ಪು ಜಾಗ. ಡೆಂಟಿಜೆರಸ್ ಸಿಸ್ಟ್, ಓಡಾಂಟೋಜೆನಿಕ್ ಕೆರಾಟೋಸಿಸ್ಟ್ ಅಂದರೆ ಓಕೆಸಿ, ಯೂನಿಸಿಸ್ಟಿಕ್ ಅಮೆಲೊಬ್ಲಾಸ್ಟೊಮಾ: ಮೂರೂ ಇದೇ ವೇಷದಲ್ಲಿ ಬರಬಹುದು. ಪರೀಕ್ಷೆಯವರಿಗೂ ಈ ಮೂರೇ ಬೇಕು, ಸರ್ಜನ್‌ಗೂ ಇವೇ ತಲೆನೋವು.

ಒಂದು ಪ್ರಶ್ನೆ ಪೂರ್ತಿ ನೋಡೋಣ. ಇಪ್ಪತ್ತರ ಆಸುಪಾಸಿನ ಹುಡುಗ. ಓಪಿಜಿಯಲ್ಲಿ ಬಲಗಡೆ ಬುದ್ಧಿಹಲ್ಲಿನ ಕಿರೀಟ ಕಪ್ಪು ಜಾಗದೊಳಗೆ ಕೂತಿದೆ. ಕಪ್ಪು ಜಾಗ ಎರಡನೇ ದವಡೆ ಹಲ್ಲಿನ ಕೆಳಗಿಂದ ಶುರುವಾಗಿ ದವಡೆಯ ಹಿಂದೆ ಮೇಲಕ್ಕೇಳುವ ಭಾಗವಾದ ರಾಮಸ್‌ನಲ್ಲಿ ಮೇಲಕ್ಕೆ ಹೋಗಿದೆ. ಅಂಚಿಗೆ ತೆಳು ಬಿಳಿ ಗೆರೆ ಇದೆ, ಗೆರೆ ಅಲ್ಲಲ್ಲಿ ಬಳುಕಿದೆ. ಕೊಟ್ಟ ಆಯ್ಕೆಗಳು ಮೇಲಿನ ಮೂರು ಮತ್ತು ಮಿಕ್ಸೋಮಾ.

ಕಿರೀಟ ಒಳಗಿದೆ ಅಂದ ಕೂಡಲೇ ಬೆರಳು ಡೆಂಟಿಜೆರಸ್ ಕಡೆ ಹೋಗುತ್ತದೆ ಅಲ್ವಾ? ನಿಲ್ಲಿ. ಬಿಳಿ ಗೆರೆ ಹಲ್ಲನ್ನು ಎಲ್ಲಿ ಮುಟ್ಟುತ್ತದೆ ಅಂತ ಜೂಮ್ ಮಾಡಿ ನೋಡಿ. ಡೆಂಟಿಜೆರಸ್ ಸಿಸ್ಟ್ ಹಲ್ಲಿನ ಕುತ್ತಿಗೆಗೆ, ಅಂದರೆ ಎನಾಮೆಲ್ ಮುಗಿದು ಸಿಮೆಂಟಮ್ ಶುರುವಾಗುವ ಗೆರೆಗೆ ಅಂಟಿಕೊಂಡಿರುತ್ತದೆ. ಇಲ್ಲಿ ಒಂದು ಕಡೆ ಗೆರೆ ಕುತ್ತಿಗೆ ದಾಟಿ ಬೇರಿನ ತನಕ ಇಳಿದಿದೆ. ಅನುಮಾನಕ್ಕೆ ಇಷ್ಟು ಸಾಕು, ತೀರ್ಮಾನಕ್ಕೆ ಸಾಲದು. ಯಾಕೆಂದರೆ ಓಪಿಜಿ ಚಪ್ಪಟೆ ಚಿತ್ರ, ಹಲ್ಲು ಓರೆಯಾಗಿದ್ದರೆ ಗೆರೆ ಸುಮ್ನೆ ಕೆಳಗಿಳಿದ ಹಾಗೆ ಕಾಣಬಹುದು.

ಎರಡನೆಯದು ಊತ. ಪ್ರಶ್ನೆಯ ಜೊತೆ ಅಕ್ಲೂಸಲ್ ಫಿಲ್ಮ್ ಕೂಡ ಇದೆ, ಸುಮಾರು ಜನ ಅದನ್ನು ತೆರೆಯುವುದೇ ಇಲ್ಲ. ಅದರಲ್ಲಿ ಕೆನ್ನೆ ಕಡೆಗಾಗಲಿ ನಾಲಿಗೆ ಕಡೆಗಾಗಲಿ ಮೂಳೆ ಅಷ್ಟಾಗಿ ಉಬ್ಬಿಲ್ಲ. ಇಷ್ಟು ಉದ್ದ ಬೆಳೆದಿದೆ, ಆದರೂ ಅಗಲಕ್ಕೆ ತಳ್ಳಿಲ್ಲ. ಓಕೆಸಿ ಮೂಳೆಯ ಮಜ್ಜೆಯೊಳಗೇ ಹಿಂದೆ-ಮುಂದೆ ಹರಿಯುತ್ತದೆ, ಹಾಗಾಗಿ ಎಷ್ಟೋ ಸಲ ರೋಗಿಗೆ ಗೊತ್ತೇ ಆಗಿರಲ್ಲ. ಅಮೆಲೊಬ್ಲಾಸ್ಟೊಮಾ ಇಷ್ಟು ದೊಡ್ಡದಾಗಿದ್ದರೆ ಮುಖ ಉಬ್ಬಿಸದೆ, ಪಕ್ಕದ ಹಲ್ಲಿನ ಬೇರು ಕೊರೆಯದೆ ಬಿಡುವುದು ಅಪರೂಪ. ಇಲ್ಲಿ ಎರಡನೇ ದವಡೆ ಹಲ್ಲಿನ ಬೇರು ಹಾಗೇ ಇದೆ.

ಈಗ ಸ್ಲೈಡ್. ಸಿಸ್ಟಿನ ಒಳಪದರ ಆರೆಂಟು ಕೋಶಗಳಷ್ಟೇ ದಪ್ಪ, ಎಲ್ಲಾ ಕಡೆ ಒಂದೇ ಸಮ. ತಳ ನೇರವಾಗಿದೆ, ಕೆಳಗಿನ ಅಂಗಾಂಶಕ್ಕೆ ಬೆರಳಿನಂತೆ ಚಾಚುವ ರೀಟ್ ರಿಜ್ ಇಳಿದಿಲ್ಲ. ಅದಕ್ಕೇ ಒಂದು ಕಡೆ ಪದರ ಕಿತ್ತುಕೊಂಡು ಬಂದಿದೆ. ಮೇಲ್ಮೈ ಅಲೆಅಲೆಯಾಗಿದೆ, ಪ್ಯಾರಾಕೆರಾಟಿನ್ ಇದೆ. ತಳದ ಕೋಶಗಳು ಗಾಢ ಬಣ್ಣದಲ್ಲಿ ಬೇಲಿ ಗೂಟದಂತೆ ಸಾಲಾಗಿ ನಿಂತಿವೆ.

ಈ ಸಾಲಿನಲ್ಲೇ ಮೋಸ ಇರುವುದು. ತಳದ ಕೋಶಗಳ ಪ್ಯಾಲಿಸೇಡಿಂಗ್ ಅಮೆಲೊಬ್ಲಾಸ್ಟೊಮಾದಲ್ಲೂ ಇರುತ್ತದೆ. ವಿಕರ್ಸ್ ಮತ್ತು ಗಾರ್ಲಿನ್ 1970ರಲ್ಲಿ ಹೇಳಿದ ಲಕ್ಷಣಗಳಲ್ಲಿ ಗಾಢ ನ್ಯೂಕ್ಲಿಯಸ್, ಪ್ಯಾಲಿಸೇಡಿಂಗ್, ನ್ಯೂಕ್ಲಿಯಸ್ ತಳದಿಂದ ದೂರ ಸರಿಯುವ ರಿವರ್ಸ್ ಪೋಲಾರಿಟಿ, ಅದರ ಕೆಳಗಿನ ಖಾಲಿ ಗುಳ್ಳೆ ಎಲ್ಲಾ ಸೇರಿವೆ. ರಿವರ್ಸ್ ಪೋಲಾರಿಟಿ ಓಕೆಸಿಯಲ್ಲೂ ಅಲ್ಲಲ್ಲಿ ಸಿಗುತ್ತದೆ. ಹಾಗಾಗಿ ಕಣ್ಣು ತಳದಿಂದ ಒಂದು ಪದರ ಮೇಲೆ ಹೋಗಬೇಕು. ಅಲ್ಲಿ ಕೋಶಗಳು ಸಡಿಲಾಗಿ, ಒಂದಕ್ಕೊಂದು ಎಳೆ ಹಿಡಿದಂತೆ ನಕ್ಷತ್ರಾಕಾರದಲ್ಲಿದ್ದರೆ ಸ್ಟೆಲೇಟ್ ರೆಟಿಕ್ಯುಲಮ್, ಅಮೆಲೊಬ್ಲಾಸ್ಟೊಮಾ ಕಡೆಗೆ. ಒತ್ತಾಗಿದ್ದು ಮೇಲೆ ಪ್ಯಾರಾಕೆರಾಟಿನ್‌ನಲ್ಲಿ ಮುಗಿದರೆ ಓಕೆಸಿ. ಡೆಂಟಿಜೆರಸ್‌ಗೆ ಇದ್ಯಾವುದೂ ಇಲ್ಲ, ಎರಡರಿಂದ ನಾಲ್ಕು ಕೋಶಗಳ ತೆಳು ಪದರ, ಕೆರಾಟಿನ್ ಇಲ್ಲ. ಮಿಕ್ಸೋಮಾ ಇಲ್ಲಿ ಲೆಕ್ಕಕ್ಕಿಲ್ಲ. ಅದರಲ್ಲಿ ಎಪಿಥೀಲಿಯಮ್‌ನ ಒಳಪದರವೇ ಇರಲ್ಲ, ಲೋಳೆಯಂಥ ಅಂಗಾಂಶದಲ್ಲಿ ಚದುರಿದ ಕೋಶಗಳು ಅಷ್ಟೇ.

ಉತ್ತರ ಓಕೆಸಿ. ಮಾಡ್ಯೂಲ್‌ನ ವಿವರಣೆ ಇಲ್ಲಿಯವರೆಗೆ ಚೆನ್ನಾಗಿದೆ, ಬಾಣದ ಗುರುತು ಹಾಕಿ ತೋರಿಸಿದ್ದಾರೆ.

ಕಾಲೇಜಿನಲ್ಲಿ ನಮ್ಮ ಪೆಥಾಲಜಿ ಮೇಡಮ್ ಮೈಕ್ರೋಸ್ಕೋಪಿನ ಹಿಂದೆ ನಿಂತು ಒಂದು ಮಾತು ಹೇಳುತ್ತಿದ್ದರು: "ಛಲೋ ಇರೋ ಜಾಗಾ ತೋರ್ಸಿದ್ರ ಯಾರಾದ್ರೂ ಹೇಳ್ತಾರ್ರೀ. ಬಾವು ಆಗಿರೋ ಜಾಗಾ ತೋರ್ಸ್ತೀನಿ, ಈಗ ಹೇಳ್ರಿ." ನನ್ನ ಅರ್ಧ ಸ್ಟಾರ್ ಹೋಗಿದ್ದು ಇಲ್ಲಿ. ಓಕೆಸಿಗೆ ಉರಿಯೂತ ಬಂದ ಜಾಗದಲ್ಲಿ ಒಳಪದರ ತನ್ನ ಗುರುತನ್ನೇ ಕಳೆದುಕೊಳ್ಳುತ್ತದೆ. ಪದರ ದಪ್ಪಗಾಗುತ್ತದೆ, ರೀಟ್ ರಿಜ್ ಬೆಳೆಯುತ್ತವೆ, ಕೆರಾಟಿನ್ ಮಾಯ, ತಳದ ಸಾಲೂ ಮಾಯ. ಬಯಾಪ್ಸಿಯ ಚೂರು ಅದೇ ಜಾಗದಿಂದ ಬಂದಿದ್ದರೆ ಬರೀ ಉರಿಯೂತದ ಸಿಸ್ಟ್ ಅಂತ ವರದಿ ಬರಬಹುದು. ಯೂನಿಸಿಸ್ಟಿಕ್ ಅಮೆಲೊಬ್ಲಾಸ್ಟೊಮಾದ್ದೂ ಇದೇ ಕಥೆ: ಒಳಪದರ ಎಷ್ಟೋ ಉದ್ದಕ್ಕೆ ಮಾಮೂಲಿ ಸಿಸ್ಟಿನಂತಿದ್ದು, ಗಡ್ಡೆ ಗೋಡೆಯೊಳಗೆ ಬೇರೆಲ್ಲೋ ನುಗ್ಗಿರಬಹುದು. ಅದು ಗೋಡೆಗೆ ನುಗ್ಗಿದೆಯಾ ಇಲ್ಲವಾ ಅನ್ನುವುದರ ಮೇಲೆ ಬರೀ ಕೆರೆದು ತೆಗೆಯುವುದಾ, ದವಡೆಯ ಭಾಗವನ್ನೇ ಕತ್ತರಿಸುವುದಾ ಅನ್ನುವುದು ನಿಂತಿದೆ. ಆದ್ದರಿಂದ ಪೂರ್ತಿ ಸಿಸ್ಟ್ ತೆಗೆದು ಹಲವು ಕಡೆ ಕತ್ತರಿಸಿ ನೋಡಿದ ಮೇಲೆಯೇ ಕೊನೆಯ ಮಾತು. ಈ ಮಾಡ್ಯೂಲ್‌ನಲ್ಲಿ ಉರಿಯೂತದ ಸ್ಲೈಡ್ ಒಂದೂ ಇಲ್ಲ. ಎಲ್ಲಾ ಮದುವೆ ಫೋಟೋದಂಥ ಚಿತ್ರಗಳು.

ಪೂರ್ತಿ ಒಂದು ಸ್ಟಾರ್ ಹೋಗಿದ್ದು ಹಳೇ ಹೆಸರಿಗೆ. ಕೆಲವು ಉತ್ತರಗಳಲ್ಲಿ ಇನ್ನೂ ಕೆರಾಟೋಸಿಸ್ಟಿಕ್ ಓಡಾಂಟೋಜೆನಿಕ್ ಟ್ಯೂಮರ್ ಅಂತಲೇ ಇದೆ. ಆ ಹೆಸರು ವಿಶ್ವ ಆರೋಗ್ಯ ಸಂಸ್ಥೆಯ 2005ರ ಪಟ್ಟಿಯದು. 2017ರಲ್ಲಿ ಅದನ್ನು ಮತ್ತೆ ಸಿಸ್ಟ್‌ಗಳ ಗುಂಪಿಗೇ ತಂದರು. ಹೆಸರು ಹಳೆಯದಾದರೆ ಹೇಗೋ ನಡೆಯುತ್ತದೆ. ಆದರೆ ಆರ್ಥೋಕೆರಾಟಿನ್ ಇರುವ, ಗ್ರಾನ್ಯುಲರ್ ಪದರ ಎದ್ದು ಕಾಣುವ, ತಳದ ಸಾಲು ಇಲ್ಲದ ಸಿಸ್ಟನ್ನೂ ಓಕೆಸಿಯ ಒಂದು ಬಗೆ ಅಂತ ಹಾಕಿದ್ದಾರೆ. ಅದೀಗ ಬೇರೆಯೇ ಕಾಯಿಲೆ, ಆರ್ಥೋಕೆರಾಟಿನೈಸ್ಡ್ ಓಡಾಂಟೋಜೆನಿಕ್ ಸಿಸ್ಟ್. ತೆಗೆದ ಮೇಲೆ ಮತ್ತೆ ಬರುವುದು ತುಂಬಾ ಕಡಿಮೆ. ಓಕೆಸಿ ಹಾಗಲ್ಲ. ತೆಳು ಪದರ ಹರಿದು ಮೂಳೆಯಲ್ಲೇ ಉಳಿಯುತ್ತದೆ, ಗೋಡೆಯಲ್ಲಿ ಮರಿ ಸಿಸ್ಟ್‌ಗಳಿರುತ್ತವೆ, ವರ್ಷಗಳಾದ ಮೇಲೂ ಮರುಕಳಿಸುತ್ತದೆ. ಎರಡನ್ನೂ ಒಂದೇ ಅಂತ ಓದಿದ ಹುಡುಗ ನಾಳೆ ರೋಗಿಗೆ ಎಷ್ಟು ವರ್ಷ ಫಾಲೋಅಪ್ ಹೇಳುತ್ತಾನೆ? ಆ್ಯಪಿನವರಿಗೆ ಬರೆದೆ. "ಗಮನಕ್ಕೆ ತಂದಿದ್ದಕ್ಕೆ ಧನ್ಯವಾದ" ಅಂತ ಉತ್ತರ ಬಂತು, ಪ್ರಶ್ನೆ ಹಾಗೇ ಇದೆ.

ತಗೊಳ್ಳುವವರು ಒಂದು ಕೆಲಸ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಆಯ್ಕೆಗಳನ್ನು ಮುಚ್ಚುವ ಬಟನ್ ಇದೆ, ಅದನ್ನು ಆನ್ ಮಾಡಿ. ಮೊದಲು ಎಕ್ಸ್‌ರೇ ಒಂದನ್ನೇ ನೋಡಿ ಅಂಚು, ಹಲ್ಲಿನ ಸಂಬಂಧ, ಊತ, ಬೇರು ಇಷ್ಟನ್ನು ಕಾಗದದಲ್ಲಿ ಬರೆದುಕೊಂಡು ಆಮೇಲೆ ಸ್ಲೈಡ್ ತೆರೆಯಿರಿ. ಎರಡೂ ಹೊಂದದೇ ಹೋದರೆ ಚೂರು ಯಾವ ಜಾಗದ್ದು ಅಂತ ಕೇಳಿಕೊಳ್ಳಿ. ಜೈಂಟ್ ಸೆಲ್ ಪ್ರಶ್ನೆಗಳಲ್ಲಿ ಮಾತ್ರ ಚಿತ್ರ ಎಷ್ಟು ನೋಡಿದರೂ ಪ್ರಯೋಜನವಿಲ್ಲ. ಸೆಂಟ್ರಲ್ ಜೈಂಟ್ ಸೆಲ್ ಗ್ರಾನ್ಯುಲೋಮಾ ಮತ್ತು ಹೈಪರ್‌ಪ್ಯಾರಾಥೈರಾಯ್ಡಿಸಂನ ಬ್ರೌನ್ ಟ್ಯೂಮರ್ ಸ್ಲೈಡಿನಲ್ಲಿ ಒಂದೇ ಥರ. ರಕ್ತದ ಕ್ಯಾಲ್ಸಿಯಂ, ಪ್ಯಾರಾಥಾರ್ಮೋನ್ ಕೊಡದೆ ಎರಡನ್ನೂ ಆಯ್ಕೆಯಲ್ಲಿಟ್ಟ ಪ್ರಶ್ನೆ ಬಂದರೆ ಸ್ಕಿಪ್ ಒತ್ತಿ.