ಅರ್ಜಿಯನ್ನು ಕೆಡಿಸಿದ ಎರಡು ಪತ್ರಗಳು

ಯುರೋಪಿನ ಒಂದು ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಓದಿಗೆಂದು ನಾನು ಹಾಕಿದ್ದ ಅರ್ಜಿ ಬಿದ್ದುಹೋಯಿತು. ಅಂಕಗಳು ಸಾಕಷ್ಟಿದ್ದವು. ಕೆಡಿಸಿದ್ದು ಎರಡು ಪತ್ರಗಳು: ಬೋಧನಾ ಮಾಧ್ಯಮ ಪ್ರಮಾಣಪತ್ರ ಮತ್ತು ಕೋರ್ಸ್ ತತ್ಸಮಾನತೆಯ ಪತ್ರ. ‘ಎರಡೂ ಒಂದು ದಿನದ ಕೆಲಸ’ ಎಂದು ಏಜೆಂಟ್ ಹೇಳಿದ್ದ. ನಾನು ನಂಬಿದ್ದೆ.

ಮೊದಲನೆಯದು ನಿಜವಾಗಿಯೂ ಒಂದೇ ದಿನದಲ್ಲಿ ಸಿಕ್ಕಿತು. ಕಾಲೇಜಿನ ಗುಮಾಸ್ತರು ಕಂಪ್ಯೂಟರಿನಲ್ಲಿದ್ದ ಹಳೆಯ ಪತ್ರವೊಂದರಲ್ಲಿ ಹೆಸರು ಬದಲಿಸಿ, ಪ್ರಾಂಶುಪಾಲರ ಸಹಿ ಮಾಡಿಸಿ, ಸಹಿಯ ಮೇಲೆಯೇ ಮೊಹರು ಒತ್ತಿ ಕೊಟ್ಟರು. ಒಳಗಿದ್ದದ್ದು ಒಂದೇ ವಾಕ್ಯ: ನಾನು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದೇನೆ. ಯಾವ ಪದವಿ, ಯಾವ ವರ್ಷದಿಂದ ಯಾವ ವರ್ಷದವರೆಗೆ, ಪರೀಕ್ಷೆ ಯಾವ ಭಾಷೆಯಲ್ಲಿ ಎಂಬುದೊಂದೂ ಇಲ್ಲ. ಸಹಿ ಹಾಕಿದವರ ಹೆಸರು ಮೊಹರಿನ ನೀಲಿ ಮಸಿಯಲ್ಲಿ ಮುಳುಗಿಹೋಗಿತ್ತು.

ಮೂರು ವಾರದ ನಂತರ ಅಲ್ಲಿನ ಪ್ರವೇಶ ಕಚೇರಿಯಿಂದ ಉತ್ತರ ಬಂತು. ನನಗೆ ಪದವಿ ಕೊಟ್ಟದ್ದು ಇಲ್ಲಿನ ವಿಶ್ವವಿದ್ಯಾಲಯ, ಕಾಲೇಜಲ್ಲ. ಆದ್ದರಿಂದ ಪತ್ರವನ್ನು ವಿಶ್ವವಿದ್ಯಾಲಯವೇ ಕೊಡಬೇಕು ಎಂದಿದ್ದರು. ಪತ್ರದ ನೈಜತೆ ಪರಿಶೀಲಿಸಲು ಅದರ ಮೇಲ್ಭಾಗದಲ್ಲಿದ್ದ ಇಮೇಲ್ ವಿಳಾಸಕ್ಕೆ ಬರೆದಿದ್ದೆವು, ಯಾರೂ ಉತ್ತರಿಸಲಿಲ್ಲ ಎಂದೂ ಇತ್ತು. ವಿಚಾರಿಸಿದರೆ, ಅದು ಹಿಂದೆ ಯಾರೋ ತೆರೆದಿದ್ದ ಉಚಿತ ಇಮೇಲ್ ಖಾತೆ. ಈಗ ಅದನ್ನು ನೋಡುವವರೇ ಇಲ್ಲ. ಪ್ರಾಂಶುಪಾಲರ ಪತ್ರವನ್ನು ಒಪ್ಪುವ ಕಡೆಗಳೂ ಇವೆ, ಯಾವ ಪತ್ರವನ್ನೂ ಒಪ್ಪದೆ ಐಇಎಲ್‌ಟಿಎಸ್‌ನಂಥ ಪರೀಕ್ಷೆಯ ಅಂಕವನ್ನೇ ಕೇಳುವ ಕಡೆಗಳೂ ಇವೆ. ಒಂದೇ ವಿಶ್ವವಿದ್ಯಾಲಯದ ಎರಡು ವಿಭಾಗಗಳಲ್ಲೇ ನಿಯಮ ಬೇರೆಯಾಗಿರಬಹುದು. ನಾನು ಏಜೆಂಟನನ್ನು ಕೇಳಿದೆನೇ ಹೊರತು ಪ್ರವೇಶ ಕಚೇರಿಗೆ ಒಂದು ಸಾಲು ಬರೆದು ಕೇಳಲಿಲ್ಲ. ಕೊನೆಗೆ ಕುಲಸಚಿವರ ಸಹಿಯ ಪತ್ರ ಕೈಗೆ ಬರಲು ಇನ್ನೊಂದು ತಿಂಗಳು ಹಿಡಿಯಿತು.

ಆದರೂ ಅಷ್ಟರಲ್ಲಿ ಬದುಕಿಕೊಳ್ಳಬಹುದಿತ್ತು. ಮುಳುಗಿಸಿದ್ದು ಎರಡನೆಯ ಪತ್ರ.

ತತ್ಸಮಾನತೆ ಎಂಬ ಹೆಸರೇ ದಾರಿ ತಪ್ಪಿಸುತ್ತದೆ. ನನ್ನ ಪದವಿ ಅವರ ಪದವಿಗೆ ಸಮ ಎಂದು ನನ್ನ ಕಾಲೇಜು ಬರೆದುಕೊಟ್ಟರೆ ಅದಕ್ಕೆ ಬೆಲೆಯಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು. ಸಮವೋ ಅಲ್ಲವೋ ಎಂದು ತೀರ್ಮಾನಿಸುವವರು ಸೇರಿಸಿಕೊಳ್ಳುವವರು. ನಮ್ಮ ಕಡೆಯವರು ದೃಢೀಕರಿಸಬಹುದಾದದ್ದು ಇಷ್ಟೇ: ಯಾವ ಪತ್ರಿಕೆಯಲ್ಲಿ ಏನು ಕಲಿಸಿದೆವು, ಎಷ್ಟು ಗಂಟೆ, ಎಷ್ಟು ಕ್ರೆಡಿಟ್. ಅವರು ಕೇಳಿದ್ದೂ ಅದನ್ನೇ. ಯುರೋಪಿನ ಕ್ರೆಡಿಟ್ ಪದ್ಧತಿಯಾದ ಇಸಿಟಿಎಸ್ ಲೆಕ್ಕದಲ್ಲಿ ಗಣಿತದ ಕನಿಷ್ಠ 20 ಕ್ರೆಡಿಟ್ ಓದಿದ್ದಕ್ಕೆ ಆಧಾರ ಬೇಕಿತ್ತು.

ನನ್ನ ಅಂಕಪಟ್ಟಿಯಲ್ಲಿ ಗಣಿತದ ನಾಲ್ಕು ಪತ್ರಿಕೆಗಳಿದ್ದವು, ಒಂದೊಂದಕ್ಕೆ 4 ಕ್ರೆಡಿಟ್. ಕೂಡಿದರೆ 16. ನಾಲ್ಕು ಕಡಿಮೆ ಬೀಳುತ್ತದೆ ಎಂದು ಏಜೆಂಟ್ ತಾನೇ ಒಂದು ಕೋಷ್ಟಕ ತಯಾರಿಸಿದ. ನನ್ನ ಪತ್ರಿಕೆಗಳನ್ನು ಅವರ ಪತ್ರಿಕೆಗಳ ಎದುರಿಗೆ ಕೂರಿಸಿ, ಕೆಳಗೆ ‘ಅನ್ವಯಿಕ ಗಣಿತ’ ಎಂಬ ಐದನೆಯ ಸಾಲು ಸೇರಿಸಿದ. ಆ ಹೆಸರಿನ ಪತ್ರಿಕೆಯನ್ನು ನಾನು ಓದಿಯೇ ಇರಲಿಲ್ಲ. ಮೊತ್ತ ಸರಿಯಾಗಿ 20. ‘ಎಲ್ಲರೂ ಹೀಗೆಯೇ ಮಾಡುತ್ತಾರೆ’ ಎಂದ. ಕಾಲೇಜಿನಲ್ಲಿ ಓದದೆ ಮೊಹರು ಒತ್ತಿದರು, ನಾನು ಓದಿಯೂ ಸುಮ್ಮನಿದ್ದೆ. ತಪ್ಪಿನಲ್ಲಿ ನನ್ನ ಪಾಲು ಅದು.

ಅಂಕಪಟ್ಟಿಯನ್ನೂ ಕೋಷ್ಟಕವನ್ನೂ ಪಕ್ಕದಲ್ಲಿಟ್ಟು ನೋಡುವವರಿಗೆ ಇದು ಕಣ್ಣಿಗೆ ಬೀಳಲು ಎಷ್ಟು ಹೊತ್ತು ಬೇಕು? ವಿವರಣೆ ಕೇಳಿ ಒಂದು ಇಮೇಲ್ ಬಂತು. ಆಮೇಲೆ ತಿರಸ್ಕಾರ.

ಹೊಟ್ಟೆ ಉರಿಸುವ ಸಂಗತಿ ತಿಳಿದದ್ದು ಅದರ ನಂತರ. ಇಸಿಟಿಎಸ್ ಪದ್ಧತಿಯಲ್ಲಿ ಒಂದು ವರ್ಷದ ಪೂರ್ಣ ಓದಿಗೆ 60 ಕ್ರೆಡಿಟ್, ಎಂದರೆ ನಾಲ್ಕು ವರ್ಷಕ್ಕೆ 240. ತರಗತಿ, ಸ್ವಂತ ಓದು, ಪರೀಕ್ಷೆಯ ಸಿದ್ಧತೆ ಎಲ್ಲ ಸೇರಿ ಒಂದು ಕ್ರೆಡಿಟ್‌ಗೆ 25ರಿಂದ 30 ಗಂಟೆಯ ಕೆಲಸ. ನನ್ನ ನಾಲ್ಕು ವರ್ಷದ ಪದವಿಯ ಒಟ್ಟು ಕ್ರೆಡಿಟ್ 160. ಆ ಲೆಕ್ಕದಲ್ಲಿ ನನ್ನ ಒಂದು ಕ್ರೆಡಿಟ್ ಅವರ ಒಂದೂವರೆಗೆ ಸಮ; ನನ್ನ 16 ಅವರಲ್ಲಿ 24 ಆಗುತ್ತದೆ. ಹೀಗೆ ಪರಿವರ್ತಿಸುವುದೂ ಬಿಡುವುದೂ ಅವರಿಗೆ ಸೇರಿದ್ದು, ಪಾಠದ ವಸ್ತುವನ್ನಷ್ಟೇ ನೋಡುವವರೂ ಇದ್ದಾರೆ. ಆದರೆ ಪದವಿಯ ಒಟ್ಟು ಕ್ರೆಡಿಟ್, ವಾರದ ಗಂಟೆಗಳು ಮತ್ತು ಆ ವರ್ಷದ ಪಠ್ಯಕ್ರಮದ ಪುಟಗಳನ್ನು ದೃಢೀಕರಿಸಿ ಕಳಿಸಿದ್ದರೆ ನಿಜವೇ ಸಾಕಾಗುತ್ತಿತ್ತು. ಸುಳ್ಳಿನ ಸಾಲು ಬೇಕೇ ಇರಲಿಲ್ಲ.

ಈ ಬಾರಿ ನಾನೇ ಎಲ್ಲವನ್ನೂ ಮಾಡಿಸಿದ್ದೇನೆ. ಪತ್ರಿಕೆಗಳ ಹೆಸರು ಮತ್ತು ಸಂಕೇತ ಸಂಖ್ಯೆ ಅಂಕಪಟ್ಟಿಯಲ್ಲಿರುವಂತೆ ಅಕ್ಷರಶಃ ಇವೆ, ಮೊಹರು ಸಹಿಯ ಪಕ್ಕದಲ್ಲಿದೆ, ಪತ್ರದಲ್ಲಿರುವ ಇಮೇಲ್ ವಿಳಾಸಕ್ಕೆ ಮೊದಲು ನಾನೇ ಬರೆದು ಉತ್ತರ ಬರುವುದನ್ನು ಖಚಿತಪಡಿಸಿಕೊಂಡೆ. ಮೊನ್ನೆ ಪರಿಚಯದ ಹುಡುಗಿಯೊಬ್ಬಳು ಅದೇ ಏಜೆಂಟ್ ಕೊಟ್ಟ ಕೋಷ್ಟಕವನ್ನು ತೋರಿಸಿದಳು. ಹೆಸರು ಮಾತ್ರ ಅವಳದು. ಐದನೆಯ ಸಾಲಿನಲ್ಲಿ ‘ಅನ್ವಯಿಕ ಗಣಿತ’ ಹಾಗೆಯೇ ಕೂತಿತ್ತು.