ತಿಂಗಳ ಕಂತೋ, ವರ್ಷಕ್ಕೊಮ್ಮೆಯೋ? ಮಗಳ ಕಾಲೇಜು ದುಡ್ಡನ್ನು ಶೇರಿನಿಂದ ಇಳಿಸಿದ ಕಥೆ

ಮಗಳು ಪ್ಲಸ್ ಟು ಮುಗಿಸಿ ಮಂಗಳೂರಿನ ಕಾಲೇಜಿಗೆ ಸೇರಬೇಕಾದದ್ದು 2025ರ ಮಧ್ಯದಲ್ಲಿ. 2022ರ ಆಗಸ್ಟ್‌ನಲ್ಲಿ ನನ್ನ ಹೆಸರಿನಲ್ಲಿ 6 ಲಕ್ಷ, ನಮ್ಮ ಯಜಮಾನರ ಹೆಸರಿನಲ್ಲಿ 6 ಲಕ್ಷ ಇತ್ತು. ಎರಡೂ ನಿಫ್ಟಿ ಇಂಡೆಕ್ಸ್ ಫಂಡಿನಲ್ಲೇ, ಅಂದರೆ 50 ದೊಡ್ಡ ಕಂಪನಿಗಳ ಶೇರಿನಲ್ಲೇ. ಮೂರು ವರ್ಷದೊಳಗೆ ಅದನ್ನು ಶೇರಿನಿಂದ ಇಳಿಸಬೇಕು ಎನ್ನುವುದರಲ್ಲಿ ಜಗಳ ಇರಲಿಲ್ಲ. ಹೇಗೆ ಎನ್ನುವುದರಲ್ಲಿ ಇತ್ತು. ಕೊನೆಗೆ ಅವರವರ ದುಡ್ಡಿಗೆ ಅವರವರ ದಾರಿ ಎಂದಾಯಿತು.

ನಾನು ಹಿಡಿದದ್ದು ಎಸ್‌ಟಿಪಿ. ಒಂದೇ ಕಂಪನಿಯ ಒಂದು ಫಂಡಿನಿಂದ ಇನ್ನೊಂದಕ್ಕೆ ತಿಂಗಳು ತಿಂಗಳು ತಾನಾಗಿ ದುಡ್ಡು ಹೋಗುತ್ತದೆ. 6 ಲಕ್ಷವನ್ನು 36 ತಿಂಗಳಿಗೆ ಹಂಚಿ, ತಿಂಗಳಿಗೆ 16,500 ರೂಪಾಯಿ, ಶೇರಿನಷ್ಟು ಏರಿಳಿತ ಇಲ್ಲದ ಲಿಕ್ವಿಡ್ ಫಂಡಿಗೆ ಹೋಗುವ ಹಾಗೆ ಮಾಡಿದೆ. ಮೊದಲ ಎಡವಟ್ಟು ಅಲ್ಲೇ ಆಯಿತು. ತಿಂಗಳು ತಿಂಗಳು ನಿಫ್ಟಿ ಫಂಡಿಗೆ ದುಡ್ಡು ಹಾಕುವ ಹಳೆ ಎಸ್‌ಐಪಿ ನಿಲ್ಲಿಸಲು ಮರೆತಿದ್ದೆ. ಒಂದು ಬಾಗಿಲಿನಿಂದ ದುಡ್ಡು ಹೊರಗೆ, ಇನ್ನೊಂದರಿಂದ ಒಳಗೆ! ಮೂರನೇ ತಿಂಗಳು ಸ್ಟೇಟ್‌ಮೆಂಟ್ ನೋಡಿದಾಗ ಗೊತ್ತಾಯಿತು.

ಎರಡನೆಯದು ಸ್ವಲ್ಪ ಸೂಕ್ಷ್ಮ. ಕಂತು ರೂಪಾಯಿಯಲ್ಲಿ ನಿಂತಿರುತ್ತದೆ, ಮಾರ್ಕೆಟ್ ನಿಂತಿರುವುದಿಲ್ಲ ಅಲ್ವಾ? ಒಂದು ವರ್ಷದಲ್ಲಿ ಸುಮಾರು 2 ಲಕ್ಷ ಹೊರಗೆ ಹೋಗಿತ್ತು. ಉಳಿದದ್ದು 4 ಲಕ್ಷ ಇರಬೇಕಿತ್ತು, ಮಾರ್ಕೆಟ್ ಏರಿದ್ದರಿಂದ 4.7 ಲಕ್ಷ ಇತ್ತು. ಅದೇ 16,500ರಲ್ಲಿ ಬಿಟ್ಟಿದ್ದರೆ ಫೀಸಿನ ಹೊತ್ತಿಗೂ ಒಂದು ದೊಡ್ಡ ಗಂಟು ಶೇರಿನಲ್ಲೇ ಇರುತ್ತಿತ್ತು. ಹಾಗಾಗಿ ಪ್ರತಿ ಆಗಸ್ಟ್‌ಗೆ ಹೊಸ ಲೆಕ್ಕ ಹಾಕಿದೆ: ಶೇರಿನಲ್ಲಿ ಉಳಿದದ್ದನ್ನು ಉಳಿದ ತಿಂಗಳುಗಳಿಂದ ಭಾಗಿಸುವುದು. ಎರಡನೇ ವರ್ಷ ಕಂತು 19,700 ಆಯಿತು, ಮೂರನೇ ವರ್ಷ 27,500ರ ಆಸುಪಾಸು. ಹಳೆ ಎಸ್‌ಟಿಪಿ ರದ್ದು ಮಾಡಿ ಹೊಸದು ಹಾಕುವುದು, ಅಷ್ಟೇ ಕೆಲಸ.

ಯಜಮಾನರದ್ದು ಕೈಯಾರೆ. ಪ್ರತಿ ಆಗಸ್ಟ್‌ನಲ್ಲಿ ಮೂರರಲ್ಲಿ ಒಂದು ಪಾಲು ಮಾರಿ, 2025ರ ಮೇಗೆ ಮುಗಿಯುವ ಎಫ್‌ಡಿ ಮಾಡುವುದು. 2022, 2023 ಎರಡೂ ವರ್ಷ ಸರಿಯಾಗಿ ಮಾಡಿದರು. ನಿಜ ಹೇಳಬೇಕೆಂದರೆ ಅವರ ದಾರಿಯಲ್ಲಿ ಕಾಗದದ ತಲೆಬಿಸಿ ಕಡಿಮೆ. ನನ್ನ ಪ್ರತಿ ಕಂತೂ ತೆರಿಗೆ ಲೆಕ್ಕದಲ್ಲಿ ಒಂದೊಂದು ಮಾರಾಟ. ವರ್ಷಕ್ಕೆ ಹನ್ನೆರಡು ಮಾರಾಟದ ಲೆಕ್ಕ ಇಡಬೇಕು. ಲಾಭ ಮಾತ್ರ ಇಬ್ಬರದ್ದೂ ವಿನಾಯಿತಿಯ ಮಿತಿಯೊಳಗೇ ಇತ್ತು. ಆಗ ಅದು ವರ್ಷಕ್ಕೆ 1 ಲಕ್ಷ, 2024ರ ಜುಲೈ ಬಜೆಟ್ ಅದನ್ನು 1.25 ಲಕ್ಷ ಮಾಡಿತು.

2024ರ ಆಗಸ್ಟ್‌ನಲ್ಲಿ ಅವರ ಕೊನೆಯ ಪಾಲು ಸುಮಾರು 2.9 ಲಕ್ಷ ಆಗಿತ್ತು. ಮಾರ್ಕೆಟ್ ದಿನಾ ಏರುತ್ತಿತ್ತು. "ನಿಫ್ಟಿ 27,000 ಮುಟ್ಟಲಿ, ಮತ್ತೆ ನೋಡುವ" ಎಂದರು. ಇದು ನಮ್ಮ ಕಾಸರಗೋಡಿನ ಅಡಿಕೆ ಬುದ್ಧಿ. ಹಳೆ ಅಡಿಕೆಗೆ ರೇಟು ಜಾಸ್ತಿ ಎಂದು ಅಟ್ಟದಲ್ಲಿ ಇಟ್ಟು ಗೆದ್ದವರು ನಾವು. ಆದರೆ ಅಡಿಕೆ ಮಾರಲು ಕೊನೆಯ ದಿನ ಎಂಬುದಿಲ್ಲ, ಫೀಸಿಗೆ ಇದೆ. ಸೆಪ್ಟೆಂಬರ್ ಕೊನೆಗೆ 26,200 ದಾಟಿದ ನಿಫ್ಟಿ, 2025ರ ಮಾರ್ಚ್ ಮೊದಲ ವಾರ 22,100ರ ಹತ್ತಿರ ಬಂತು. ಹೆದರಿ ಆಗಲೇ ಮಾರಿದರು. ಸಿಕ್ಕಿದ್ದು ಸುಮಾರು 2.55 ಲಕ್ಷ. ಬೇಸಿಗೆಯ ಹೊತ್ತಿಗೆ ಮಾರ್ಕೆಟ್ ಮತ್ತೆ 25,000 ಮುಟ್ಟಿತು, ಆ ಮಾತು ಮನೆಯಲ್ಲಿ ಈಗಲೂ ತೆಗೆಯುವ ಹಾಗಿಲ್ಲ. ಆ ಮಾರ್ಚ್‌ನಲ್ಲಿ ನನ್ನದು ಶೇರಿನಲ್ಲಿ ಉಳಿದಿದ್ದು 1 ಲಕ್ಷಕ್ಕಿಂತ ಕಡಿಮೆ. ಬಿದ್ದದ್ದು ನಿಜ, ನಿದ್ದೆ ಕೆಡಲಿಲ್ಲ.

ಕೊನೆಗೆ ನನ್ನ ಗಂಟು ಅವರದಕ್ಕಿಂತ ಸುಮಾರು 60 ಸಾವಿರ ದೊಡ್ಡದಿತ್ತು. ಅದೆಲ್ಲ ನನ್ನ ಜಾಣತನ ಅಲ್ಲ. ಅವರು ಮೊದಲ ದಿನವೇ 2 ಲಕ್ಷ ಹೊರಗೆ ತೆಗೆದಿದ್ದರು, ನನ್ನದು ಏರುವ ಮಾರ್ಕೆಟ್‌ನಲ್ಲಿ ನಿಧಾನಕ್ಕೆ ಇಳಿಯಿತು. ಆ ಮೂರು ವರ್ಷ ಮಾರ್ಕೆಟ್ ಇಳಿಮುಖ ಆಗಿದ್ದರೆ ಗೆಲ್ಲುತ್ತಿದ್ದವರು ಅವರೇ. ನಾನು ಕಂತನ್ನು ಮೆಚ್ಚುವುದು ಅದು ಯಾರನ್ನೂ ಕೇಳದೆ ನಡೆಯುತ್ತದೆ ಎಂಬುದಕ್ಕೆ.

ಬ್ಯಾಲೆನ್ಸ್ಡ್ ಅಡ್ವಾಂಟೇಜ್ ಫಂಡಿನಲ್ಲಿ ಹಾಕಿಬಿಡಿ, ಶೇರಿನ ಪಾಲನ್ನು ಅದೇ ಏರಿಳಿಸುತ್ತದೆ ಎಂದು ಭಾವ ಹೇಳಿದ್ದ. ಅದು ಮಾರ್ಕೆಟ್ ನೋಡಿ ಇಳಿಸುತ್ತದೆ, ನನ್ನ ಮಗಳ ಅಡ್ಮಿಷನ್ ತಾರೀಕು ನೋಡಿ ಅಲ್ಲ. ಬಿಟ್ಟೆವು.

ಇಬ್ಬರೂ ಮಾಡಿದ ತಪ್ಪು ಒಂದಿದೆ. ಫೀಸು ಒಂದೇ ದಿನ ಕಟ್ಟುವುದಲ್ಲ. ನಾಲ್ಕನೇ ವರ್ಷದ ಫೀಸು 2028ಕ್ಕೆ. ಅದನ್ನೂ ಸೇರಿಸಿ ಎಲ್ಲವನ್ನೂ 2025ರೊಳಗೇ ಇಳಿಸಿ ಕೂತೆವು. ಮಗ ಈಗ ಎಂಟನೇ ಕ್ಲಾಸು. ಅವನ ದುಡ್ಡನ್ನು ನಾಲ್ಕು ಪಾಲು ಮಾಡಿದ್ದೇವೆ. ಮೊದಲ ವರ್ಷದ ಫೀಸಿನ ಪಾಲಿಗೆ ಎಸ್‌ಟಿಪಿ 2027ಕ್ಕೆ ಶುರು, ಕೊನೆಯ ವರ್ಷದ ಪಾಲಿಗೆ 2030ಕ್ಕೆ. ಈ ಸಲ ಯಜಮಾನರ ಹೆಸರಿನದ್ದೂ ಎಸ್‌ಟಿಪಿಯೇ. ಆದರೆ ಆಗಸ್ಟ್‌ನ ಲೆಕ್ಕ ತಾನೇ ಹಾಕುವುದಂತೆ.