ಮಲ್ಟಿ-ಗ್ರಿಪ್ ಪುಲ್-ಅಪ್ ಬಾರ್: ಕಾರವಾರದ ಮಳೆಗಾಲ ದಾಟಿದ ಮೇಲೆ

ಮೊದಲು ಬಾರ್ ಬಗ್ಗೆ ಹೇಳಿಬಿಡ್ತೀನಿ. ನಮ್ಮ ಮನೆಯದು ಚಿರೆಕಲ್ಲಿನ ಗೋಡೆ, ಅದಕ್ಕೆ ಬೋಲ್ಟ್ ಹೊಡೆದರೆ ಕಲ್ಲು ಪುಡಿಯಾಗಿ ಸಡಿಲವಾಗುತ್ತೆ ಅಂತ ಹಿಂದಿನ ಜಗಲಿಯ ಕಾಂಕ್ರೀಟ್ ಬೀಮಿಗೆ ಹಾಕಿಸಿದೆ. ಒಂಚೂರೂ ಅಲುಗಿಲ್ಲ. ಉಪ್ಪುಗಾಳಿಗೆ ವೆಲ್ಡಿಂಗ್ ಇರೋ ಕಡೆ ತುಕ್ಕು ಬಂತು, ಉಜ್ಜಿ ರೆಡ್ ಆಕ್ಸೈಡ್ ಬಳಿದೆ. ಫೋಮ್ ಹಿಡಿಕೆ ಮಳೆಗಾಲದಲ್ಲಿ ನೀರು ಹೀರಿ ಜಾರುತ್ತೆ, ಕಿತ್ತು ಬಿಸಾಕಿ.

ಇನ್ನು ಗ್ರಿಪ್. ಅಗಲ ಹಿಡಿದರೆ ಬೆನ್ನಿನ ಎರಡೂ ಬದಿಯ ಸ್ನಾಯು ಅಂದ್ರೆ ಲ್ಯಾಟ್ಸ್, ಹತ್ತಿರ ಹಿಡಿದರೆ ಬೈಸೆಪ್ಸ್ ಅಂತ ಡಬ್ಬದ ಮೇಲೆ ಬರೆದಿದೆ. ಅದು ಅರ್ಧ ನಿಜ. ಲ್ಯಾಟ್ಸ್ ಎಲ್ಲಾ ಗ್ರಿಪ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ ದುಡಿಯುತ್ತೆ, ನಿಜವಾಗಿ ಬದಲಾಗೋದು ಬೈಸೆಪ್ಸ್ ಎಷ್ಟು ಕೈ ಜೋಡಿಸುತ್ತೆ ಅನ್ನೋದು. ಅಗಲಕ್ಕಿಂತ ಅಂಗೈ ಯಾವ ಕಡೆ ನೋಡುತ್ತೆ ಅನ್ನೋದೇ ಇಲ್ಲಿ ಮುಖ್ಯ. ಅಂಗೈ ನಮ್ಮ ಕಡೆ ಇದ್ದಾಗ ಬೈಸೆಪ್ಸ್‌ಗೆ ಎಳೆಯೋಕೆ ಒಳ್ಳೆ ಹಿಡಿತ ಸಿಗುತ್ತೆ. ಅಂಗೈ ಆಚೆ ತಿರುಗಿಸಿದರೆ ಅದರ ಸ್ನಾಯುರಜ್ಜು ಮುಂಗೈ ಮೂಳೆಗೆ ಸುತ್ತಿಕೊಳ್ಳುತ್ತೆ, ಬಲ ಕಡಿಮೆಯಾಗುತ್ತೆ. ಆಗ ಬೈಸೆಪ್ಸ್ ಕೆಳಗಿರೋ ಬ್ರೇಕಿಯಾಲಿಸ್ ಸ್ನಾಯು ಜಾಸ್ತಿ ಭಾರ ಹೊರುತ್ತೆ. ಅಂಗೈ ನಮ್ಮ ಕಡೆ ಇರೋ ಚಿನ್-ಅಪ್ ಸುಲಭ, ಅಂಗೈ ಆಚೆ ಇರೋ ಪುಲ್-ಅಪ್ ಕಷ್ಟ ಅನಿಸೋದು ಇದಕ್ಕೇ.

ನನ್ನ ತಮ್ಮನದೇ ನೋಡಿ. ಬೆನ್ನು ಅಗಲ ಆಗಬೇಕು ಅಂತ ಬಾರ್‌ನ ಎರಡೂ ತುದಿ ಹಿಡಿದು ನೇತಾಡ್ತಿದ್ದ. ಗಲ್ಲ ಬಾರ್ ಹತ್ತಿರಕ್ಕೂ ಹೋಗ್ತಿರಲಿಲ್ಲ, ಭುಜದ ಮುಂಭಾಗ ನೋವು ಬೇರೆ. ಅಷ್ಟು ಅಗಲ ಹಿಡಿದರೆ ಏರಿಳಿಯೋ ದೂರವೇ ಕಡಿಮೆಯಾಗುತ್ತೆ, ಲ್ಯಾಟ್ಸ್‌ಗೆ ಸಿಗೋ ಕೆಲಸವೂ ಅಷ್ಟೇ ಅಲ್ವಾ? ಟೇಪ್ ಹಿಡಿದು ಅವನ ಭುಜ ಅಳೆದೆವು, ಸುಮಾರು 40 ಸೆಂ.ಮೀ. ಕೈಗಳ ನಡುವೆ 55–60 ಸೆಂ.ಮೀ ಇಟ್ಟು ಅಂಗೈ ಆಚೆ ಮಾಡಿಸಿದೆ. ಅರ್ಧ ಏರಿದಾಗ ಎದುರಿನಿಂದ ನೋಡಿದರೆ ಮುಂಗೈ ಹೆಚ್ಚುಕಡಿಮೆ ನೆಟ್ಟಗೆ ನಿಂತಿತ್ತು. ಅಳತೆ ಸರಿ ಇದೆ ಅನ್ನೋಕೆ ಅದೇ ಗುರುತು. ಮೊದಲು ಮೊಣಕೈ ಮಡಚದೆ ಭುಜವನ್ನಷ್ಟೇ ಕೆಳಗೆ ಎಳಿ, ಆಮೇಲೆ ಮೊಣಕೈಯನ್ನು ಪಕ್ಕೆಲುಬಿನ ಕಡೆ ತಾ ಅಂದೆ. ಇಳಿಯುವಾಗ ನಿಧಾನ, ಮೂರು ಎಣಿಸುವಷ್ಟು. ಗಲ್ಲವೂ ಬಾರ್ ದಾಟಿತು, ಮಾರನೇ ದಿನ ಕಂಕುಳ ಹಿಂದೆ ಬಿಗಿತ ಬಂತು ಅಂದ.

ಬೈಸೆಪ್ಸ್ ಬೇಕಿದ್ದರೆ ಭುಜದಷ್ಟೇ ಅಗಲ, ಅಂಗೈ ನಮ್ಮ ಕಡೆ. ಆದರೆ ನೇರ ಬಾರ್‌ನಲ್ಲಿ ಇದನ್ನೇ ದಿನಾ ಮಾಡಿದರೆ ಕೆಲವರಿಗೆ ಮೊಣಕೈ ಒಳಬದಿ ನೋಯುತ್ತೆ. ನೋವು ಶುರುವಾದರೆ ಅಂಗೈ ಎದುರುಬದುರಾಗಿ ಹಿಡಿಯೋ ಹಿಡಿಕೆಗೆ ಬನ್ನಿ, ಮಣಿಕಟ್ಟಿಗೂ ಆರಾಮ. ಈ ಬಾರ್‌ಗೆ ದುಡ್ಡು ಕೊಟ್ಟದ್ದು ಸಾರ್ಥಕ ಅನಿಸಿದ್ದೇ ಆ ಜೋಡಿ ಹಿಡಿಕೆಯಿಂದ.

ಐದಕ್ಕೆ ನಾಲ್ಕು. ತುದಿಯ ಬಗ್ಗಿದ ಭಾಗ ಮಾತ್ರ ದಂಡ, ಈಗ ಅಲ್ಲಿ ಅಮ್ಮ ಕೊಡೆ ನೇತುಹಾಕ್ತಾರೆ.